ಎರಡು ಪುಟದ ರಾಜೀನಾಮೆ ಪತ್ರ ಅರ್ಧ ಪುಟಕ್ಕೆ ಬಂದ ಆರು ದಿನ

ನನ್ನ ಅಕ್ಕನ ಮಗಳು ಮುಂಬೈಯಲ್ಲಿ, ಸೆಂಟ್ರಲ್ ಲೈನಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಕುಂದಾಪುರದಿಂದ ನೇರವಾಗಿ ಇಲ್ಲಿಗೆ ಬಂದಳು. ಮೆಡಿಕಲ್ ಐಸಿಯುನಲ್ಲಿ ಮೂರು ವರ್ಷ ಆಯಿತು. ಈಗ ಮಂಗಳೂರಿನ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿದೆ. ಶುಲ್ಕ ಕಟ್ಟಿದ ರಸೀದಿ ಕೈಗೆ ಬಂದ ದಿನವೇ ರಾಜೀನಾಮೆ ಪತ್ರ ಬರೆದುಕೊಂಡು ಡೊಂಬಿವಲಿಯ ನಮ್ಮ ಮನೆಗೆ ಬಂದಳು. "ಚಿಕ್ಕಮ್ಮ, ಸ್ವಲ್ಪ ನೋಡಿ ಕೊಡಿ, ನಾಳೆ ಕೊಟ್ಟುಬಿಡ್ತೇನೆ" ಅಂದಳು. ಆ ನಾಳೆ ಬರುವುದಕ್ಕೆ ಐದು ದಿನ ಬೇಕಾಯಿತು.

ನಾನು ಇದೇ ಊರಿನಲ್ಲಿ ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದವಳು. ಕೊನೆಯ ಆರು ವರ್ಷ ನರ್ಸಿಂಗ್ ಆಫೀಸಿನಲ್ಲಿ ಕೂತಿದ್ದೆ. ಮೇಟ್ರನ್, ಅಂದರೆ ನರ್ಸಿಂಗ್ ಸೂಪರಿಂಟೆಂಡೆಂಟ್, ಅವರ ಟೇಬಲ್ಲಿಗೆ ಹೋಗುವ ಮೊದಲು ರಾಜೀನಾಮೆ ಪತ್ರಗಳೆಲ್ಲ ನನ್ನ ಕೈ ದಾಟಿ ಹೋಗುತ್ತಿದ್ದವು. ಹಾಗಾಗಿ ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ. ಎಲ್ಲೆಲ್ಲಿ ಎಡವಿದೆವು ಅನ್ನುವುದನ್ನು ದಿನದ ಲೆಕ್ಕದಲ್ಲಿ ಬರೆದಿಡುತ್ತೇನೆ. ಪತ್ರ ಕೊಟ್ಟದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

ಬಳಸಿದ ಸಾಮಾನು: ಅವಳ ನೇಮಕಾತಿ ಪತ್ರದ ಜೆರಾಕ್ಸ್, ಜುಲೈ ತಿಂಗಳ ಡ್ಯೂಟಿ ರೋಸ್ಟರಿನ ಫೋಟೋ, ಗೋಡೆಯ ಕ್ಯಾಲೆಂಡರ್, ಕಾಲೇಜಿನ ಪ್ರವೇಶ ಪತ್ರ, ಒಂದು ಪೆನ್ಸಿಲ್, ಒಂದು ಕೆಂಪು ಪೆನ್ನು.

ಜುಲೈ 10, ಗುರುವಾರ: ಮೊದಲ ಕರಡು

ಎರಡು ಪುಟ ಇತ್ತು, ಎರಡೂ ಬದಿ ತುಂಬಿ. ಇಂಗ್ಲಿಷಿನಲ್ಲಿ 436 ಪದ. ಮೊದಲು ಕೆಂಪು ಪೆನ್ನು ಮುಟ್ಟದೆ ಒಮ್ಮೆ ಪೂರ್ತಿ ಓದಿದೆ. ಆಫೀಸಿನಲ್ಲಿದ್ದಾಗ ಮಾಡುತ್ತಿದ್ದ ಹಾಗೆ, ಮೂರು ವಿಷಯ ಎಲ್ಲಿ ಸಿಗುತ್ತವೆ ಅಂತ ಹುಡುಕಿದೆ. ಯಾಕೆ ಹೋಗುತ್ತಿದ್ದಾಳೆ, ಯಾವ ದಿನ ಕೊನೆಯ ಡ್ಯೂಟಿ, ಅವಳ ಕೈಯಲ್ಲಿರುವ ಕೆಲಸ ಯಾರಿಗೆ. ಯಾಕೆ ಅನ್ನುವುದು ಹದಿನಾಲ್ಕನೇ ಸಾಲಿನಲ್ಲಿ ಸಿಕ್ಕಿತು. ದಿನ ಅನ್ನುವುದು "ಆಗಸ್ಟ್ ಮಧ್ಯದಲ್ಲಿ, ಸಾಧ್ಯವಾದರೆ ಇನ್ನೂ ಬೇಗ" ಎಂದಿತ್ತು. ಮೂರನೆಯದು ಇರಲೇ ಇಲ್ಲ.

ಶುರು ಹೀಗಿತ್ತು: "ಭಾರವಾದ ಹೃದಯದಿಂದ, ತುಂಬಾ ಯೋಚಿಸಿ, ನಿಮ್ಮಲ್ಲಿ ಕ್ಷಮೆ ಕೇಳುತ್ತಾ, ಈ ಪತ್ರವನ್ನು ಬರೆಯುತ್ತಿದ್ದೇನೆ. ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಳ್ಳುತ್ತಿರುವುದಕ್ಕೆ ಮತ್ತೊಮ್ಮೆ ಕ್ಷಮಿಸಿ." ಎಣಿಸಿದೆ. ಇಡೀ ಪತ್ರದಲ್ಲಿ ಐದು ಸಲ ಕ್ಷಮೆ ಕೇಳಿದ್ದಳು. ಓದಲು ಹೋಗುವುದಕ್ಕೆ ಐದು ಸಲ ಕ್ಷಮೆ ಯಾಕೆ? ವಾರ್ಡಿನಲ್ಲಿ ಜನ ಕಡಿಮೆ ಇರುವಾಗ ಬಿಟ್ಟು ಹೋಗುತ್ತಿದ್ದೇನಲ್ಲ ಎಂಬ ಸಂಕಟ ಅವಳಿಗೆ. ಅದು ನನಗೂ ಗೊತ್ತು. ಆದರೆ ಕ್ಷಮೆ ಕೇಳಿದರೆ ವಾರ್ಡಿಗೆ ಒಬ್ಬ ಸಿಸ್ಟರ್ ಸಿಗುವುದಿಲ್ಲ. ಒಂದು ಸರಿಯಾದ ದಿನಾಂಕ ಕೊಟ್ಟರೆ ರೋಸ್ಟರ್ ಮಾಡುವವರು ಆ ಜಾಗಕ್ಕೆ ಇನ್ನೊಬ್ಬರನ್ನು ಹಾಕಬಹುದು.

ಮಧ್ಯದ ಒಂದು ಪ್ಯಾರಾ ಪೂರ್ತಿ ದೂರು. ಜೂನಿನಲ್ಲಿ ಮೂರು ಸಲ ವಾರದ ಆಫ್ ರದ್ದಾಗಿತ್ತು. ಎರಡು ಸಲ ಡಬಲ್ ಡ್ಯೂಟಿ. ಒಬ್ಬಳೇ ಮೂರು ವೆಂಟಿಲೇಟರ್ ರೋಗಿಗಳನ್ನು ನೋಡಿದ ರಾತ್ರಿ. ಎಲ್ಲವೂ ನಿಜ. ಬರೆದ ರೀತಿಯೂ ಚೆನ್ನಾಗಿತ್ತು. ಅದರ ಪಕ್ಕದಲ್ಲಿ ನಾನು ಪೆನ್ಸಿಲಿನಲ್ಲಿ ಒಂದು ಗೆರೆ ಮಾತ್ರ ಎಳೆದೆ. ಅದನ್ನು ಏನು ಮಾಡುವುದು ಅಂತ ಆ ದಿನ ತೀರ್ಮಾನ ಆಗಲಿಲ್ಲ.

ಒಂದು ಸಾಲು ಮಾತ್ರ ಅಲ್ಲೇ ಹೊಡೆದುಹಾಕಿದೆ. ಮೂರು ತಿಂಗಳು ಅವಳ ಆರೈಕೆಯಲ್ಲಿದ್ದು ಮನೆಗೆ ನಡೆದು ಹೋದ ಒಬ್ಬ ಅಜ್ಜನ ಬಗ್ಗೆ ಬರೆದಿದ್ದಳು. ಹೆಸರು, ಬೆಡ್ ನಂಬರ್, ಕಾಯಿಲೆ, ಎಲ್ಲ ಇತ್ತು. ಅವಳಿಗೆ ಅದು ಪತ್ರದಲ್ಲೇ ಪ್ರೀತಿಯ ಸಾಲು. ಆದರೆ ಈ ಪತ್ರ ಮೇಟ್ರನ್ ಆಫೀಸಿನಿಂದ ಎಚ್‌ಆರ್‌ಗೆ ಹೋಗುತ್ತದೆ, ಅಲ್ಲಿಂದ ಅವಳ ಪರ್ಸನಲ್ ಫೈಲಿಗೆ. ಗುಮಾಸ್ತರು, ಲೆಕ್ಕದವರು, ಯಾರು ಬೇಕಾದರೂ ತೆಗೆದು ನೋಡುವ ಫೈಲು ಅದು. ರೋಗಿಯ ವಿಷಯ ಕೇಸ್ ಪೇಪರಿನ ಹೊರಗೆ ಹೋಗಬಾರದು ಎಂದು ಮೊದಲ ವರ್ಷದಲ್ಲೇ ಕಲಿಸುತ್ತಾರೆ, ಅಲ್ವಾ? ಪ್ರೀತಿಯಿಂದ ಬರೆದರೂ ಅದು ಹೊರಗೆ ಹೋದ ಹಾಗೆಯೇ. ಹೇಳಿದ ಕೂಡಲೇ ಅವಳೇ ಪೆನ್ನು ತೆಗೆದುಕೊಂಡು ಇನ್ನೂ ದಪ್ಪಗೆ ಹೊಡೆದಳು.

ಜುಲೈ 11, ಶುಕ್ರವಾರ: ಜಾಸ್ತಿ ಕತ್ತರಿಸಿದ್ದು

ಅವಳು ಡ್ಯೂಟಿಗೆ ಹೋಗಿದ್ದಳು. ನಾನು ಮನೆಯಲ್ಲಿ ಕೂತು ಕತ್ತರಿಸಿದೆ. ಕ್ಷಮೆಗಳು ಹೋದವು. "ತಮ್ಮ ಅಮೂಲ್ಯ ಸಮಯ" ಹೋಯಿತು. ದೂರಿನ ಪ್ಯಾರಾ ಹೋಯಿತು. ಎರಡು ವರ್ಷ ಮುಗಿದ ಮೇಲೆ ಖಂಡಿತ ಇಲ್ಲಿಗೇ ವಾಪಸ್ ಬರುತ್ತೇನೆ ಅಂತ ಒಂದು ಮಾತು ಕೊಟ್ಟಿದ್ದಳು, ಅದೂ ಹೋಯಿತು. ಎರಡು ವರ್ಷದ ನಂತರ ಅವಳು ಎಲ್ಲಿರುತ್ತಾಳೆ ಅಂತ ಅವಳಿಗೇ ಗೊತ್ತಿಲ್ಲ. ಉಳಿಸಿಕೊಳ್ಳಲಾಗದ ಮಾತನ್ನು ಫೈಲಿನಲ್ಲಿ ಬಿಟ್ಟು ಹೋಗಬಾರದು.

ಕೊನೆಗೆ ಉಳಿದದ್ದು ಇಷ್ಟು:

> ಉನ್ನತ ಶಿಕ್ಷಣದ ಕಾರಣ ನಾನು ಸ್ಟಾಫ್ ನರ್ಸ್ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ದಯವಿಟ್ಟು ಅಂಗೀಕರಿಸಿ, ನಿಯಮದಂತೆ ಬಿಡುಗಡೆ ಮಾಡಬೇಕಾಗಿ ವಿನಂತಿ. ರಿಲೀವಿಂಗ್ ಪತ್ರ ಮತ್ತು ಅನುಭವ ಪ್ರಮಾಣಪತ್ರ ನೀಡಬೇಕಾಗಿ ಕೋರಿಕೆ.

ನನಗೆ ತುಂಬಾ ಸಮಾಧಾನವಾಗಿತ್ತು. ಚೊಕ್ಕ ಅನ್ನಿಸಿತು. ರಾತ್ರಿ ಒಂಬತ್ತೂವರೆಗೆ ಮಳೆಯಲ್ಲಿ ನೆನೆದುಕೊಂಡು ಬಂದಳು. ಲೋಕಲ್ ರೈಲು ಥಾಣೆ ಸ್ಟೇಷನ್ನಿನ ಹತ್ತಿರ ಅರ್ಧ ಗಂಟೆ ನಿಂತಿತ್ತಂತೆ. ಟವೆಲ್ ಹಿಡಿದುಕೊಂಡೇ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ, "ಚಿಕ್ಕಮ್ಮ, ನಾನು ಜಗಳ ಮಾಡಿಕೊಂಡು ಹೋಗುತ್ತಿರುವ ಹಾಗೆ ಇದೆ" ಅಂದಳು.

ಅವಳು ಹೇಳಿದ್ದು ಸರಿ. ಇಪ್ಪತ್ತು ವರ್ಷದ ಹಿಂದೆ ಸರಕಾರಿ ನಮೂನೆಯಲ್ಲಿ ಬರುತ್ತಿದ್ದ ಪತ್ರಗಳ ಭಾಷೆ ನನ್ನ ಕೈಗೆ ಹತ್ತಿಬಿಟ್ಟಿದೆ. ಮೂರು ವರ್ಷ ಒಂದೇ ವಾರ್ಡಿನಲ್ಲಿ ಹಗಲು ರಾತ್ರಿ ಕಳೆದವಳ ಗುರುತು ಆ ಮೂರು ವಾಕ್ಯದಲ್ಲಿ ಎಲ್ಲೂ ಇರಲಿಲ್ಲ. ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿದರೂ ನಡೆಯುತ್ತಿತ್ತು. ಇದರ ಜೊತೆಗೆ ಎರಡು ನಿಜವಾದ ತಪ್ಪು ಇದ್ದವು. ಅವು ನನಗೆ ಮರುದಿನ ಕಂಡವು.

ಒಂದು, "ಮೂಲಕ" ಅನ್ನುವ ಸಾಲನ್ನು ನಾನು ಜಾಗ ಉಳಿಸಲು ತೆಗೆದಿದ್ದೆ. ನರ್ಸ್ ಪತ್ರ ಮೇಟ್ರನ್‌ಗೆ ಹೋಗುವುದು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಮೂಲಕ. ಆ ಸಾಲು ಬಿಟ್ಟರೆ ಇನ್‌ಚಾರ್ಜ್ ಅವರನ್ನು ದಾಟಿ ಹೋದ ಹಾಗೆ ಆಗುತ್ತದೆ. ನಮ್ಮ ಆಫೀಸಿನಲ್ಲಿ ಅಂಥ ಪತ್ರವನ್ನು ವಾಪಸ್ ಕಳಿಸುತ್ತಿದ್ದೆವು. ಎರಡು, "ಅಂಗೀಕರಿಸಿ, ನಿಯಮದಂತೆ ಬಿಡುಗಡೆ ಮಾಡಿ" ಎಂದು ಬರೆದಾಗ ದಿನಾಂಕವನ್ನು ಅವರ ಕೈಗೆ ಕೊಟ್ಟುಬಿಟ್ಟ ಹಾಗೆ. ಯಾವತ್ತು ಅಂತ ಪತ್ರದಲ್ಲಿ ಇಲ್ಲದಿದ್ದರೆ ಅದಕ್ಕೆ "ಮಾತಾಡಿ" ಅಂತ ಒಂದು ಚೀಟಿ ಅಂಟುತ್ತದೆ, ಟ್ರೇನಲ್ಲಿ ಕೂರುತ್ತದೆ. ಹಾಗೆ ಚೀಟಿ ಅಂಟಿಸುತ್ತಿದ್ದವಳು ನಾನೇ.

ಜುಲೈ 12, ಶನಿವಾರ: ದಿನಾಂಕದ ಲೆಕ್ಕ

ಭಾಷೆಯನ್ನು ಬದಿಗಿಟ್ಟು ಮೊದಲು ದಿನಾಂಕ ಹಿಡಿದೆವು. ನೇಮಕಾತಿ ಪತ್ರ ತೆಗೆದು ನೋಡಿದರೆ ನೋಟಿಸ್ 30 ದಿನ. "ಒಂದು ತಿಂಗಳು" ಅಲ್ಲ, 30 ದಿನ. ಅವಳು ಒಂದು ತಿಂಗಳು ಅಂದುಕೊಂಡು, ಜುಲೈ 15ಕ್ಕೆ ಕೊಟ್ಟರೆ ಆಗಸ್ಟ್ 15 ಅಂತ ಲೆಕ್ಕ ಹಾಕಿದ್ದಳು. ನಾವು ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಒಂದೊಂದೇ ದಿನ ಎಣಿಸಿದೆವು. ಪತ್ರ ಕೈಗೆ ಸೇರಿದ ಮರುದಿನದಿಂದ, ಅಂದರೆ ಜುಲೈ 16ರಿಂದ, ಜುಲೈಯಲ್ಲಿ 16 ದಿನ. ಉಳಿದ 14 ದಿನ ಆಗಸ್ಟಿನಲ್ಲಿ. ಆಗಸ್ಟ್ 14, ಗುರುವಾರ, ಮೂವತ್ತನೇ ದಿನ.

ಒಂದು ದಿನದ ವ್ಯತ್ಯಾಸ ತಾನೇ ಅನ್ನಿಸಬಹುದು. ಆದರೆ 15 ಸ್ವಾತಂತ್ರ್ಯ ದಿನ, ಆಫೀಸು ರಜೆ. ಅವತ್ತು ನೋ ಡ್ಯೂಸ್ ಫಾರ್ಮಿಗೆ ಸಹಿ ಹಾಕುವವರು ಯಾರೂ ಸಿಗುವುದಿಲ್ಲ. ಸ್ಟೋರ್, ಲೈಬ್ರರಿ, ಹಾಸ್ಟೆಲ್, ಅಕೌಂಟ್ಸ್, ಎಲ್ಲ ಕಡೆ ಸಹಿ ಆಗಬೇಕು. ಅದು ಮುಂದಿನ ವಾರಕ್ಕೆ ಹೋಗುತ್ತಿತ್ತು. ಮಂಗಳೂರಿನಲ್ಲಿ ಆಗಸ್ಟ್ 25ಕ್ಕೆ ಹಾಜರಾಗಬೇಕು.

ಇನ್ನೊಂದು ತೊಡಕು ರೋಸ್ಟರ್ ನೋಡಿದಾಗ ಸಿಕ್ಕಿತು. ಇದು ರಾತ್ರಿ ಡ್ಯೂಟಿ ಮಾಡುವವರಿಗೆ ಬರುವ ತೊಡಕು. ಅವಳ ವಾರ್ಡಿನಲ್ಲಿ ರಾತ್ರಿ ಡ್ಯೂಟಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ. ಈಗ ನಡೆಯುತ್ತಿರುವ ಸರದಿ ಹೀಗೇ ಮುಂದುವರಿದರೆ ಆಗಸ್ಟ್ 14ಕ್ಕೆ ಅವಳಿಗೆ ನೈಟ್ ಬರುತ್ತದೆ. 14ರ ರಾತ್ರಿ ಡ್ಯೂಟಿಗೆ ಹೋದರೆ ಮುಂದಿನ ಡ್ಯೂಟಿಯವರಿಗೆ ರೋಗಿಗಳನ್ನು ಒಪ್ಪಿಸಿ, ಅಂದರೆ ಓವರ್ ಕೊಟ್ಟು, ಹೊರಗೆ ಬರುವುದು 15ರ ಬೆಳಿಗ್ಗೆ. ಆಗ ಕೊನೆಯ ದಿನ ಯಾವುದು? ಹಾಜರಿ ಪುಸ್ತಕದಲ್ಲಿ 14 ಅಂತ ಬೀಳುತ್ತದೆ. ಪಂಚಿಂಗ್ ಯಂತ್ರದಲ್ಲಿ 15 ಅಂತ ಬೀಳುತ್ತದೆ. ಲೆಕ್ಕದವರು ಒಂದು ಬರೆಯುತ್ತಾರೆ, ನರ್ಸಿಂಗ್ ಆಫೀಸು ಇನ್ನೊಂದು. ರಿಲೀವಿಂಗ್ ಪತ್ರದಲ್ಲಿ ಒಂದು ದಿನಾಂಕ, ಅನುಭವ ಪ್ರಮಾಣಪತ್ರದಲ್ಲಿ ಇನ್ನೊಂದು ದಿನಾಂಕ ಬಂದು ಪರದಾಡಿದ ಹುಡುಗಿಯರನ್ನು ನಾನು ನೋಡಿದ್ದೇನೆ.

ಇದನ್ನು ಪತ್ರದಲ್ಲಿ ಬರೆಯಬೇಕಾ ಬೇಡವಾ ಅಂತ ಸ್ವಲ್ಪ ಹೊತ್ತು ಚರ್ಚೆ ಆಯಿತು. ಬೇಡ ಅಂತಾಯಿತು. ಪತ್ರದಲ್ಲಿ ಒಂದೇ ಒಂದು ದಿನಾಂಕ, 14 ಆಗಸ್ಟ್. ಕೊನೆಯ ದಿನ ಮಾರ್ನಿಂಗ್ ಡ್ಯೂಟಿ ಹಾಕಿಕೊಡಿ ಎಂಬುದನ್ನು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಬಾಯಿಮಾತಿನಲ್ಲಿ ಕೇಳುವುದು. "ಸಾಧ್ಯವಾದರೆ ಇನ್ನೂ ಬೇಗ" ಎಂಬುದನ್ನು ಪೂರ್ತಿ ಬಿಟ್ಟೆವು. ಒಂದು ಪತ್ರದಲ್ಲಿ ಎರಡು ದಿನಾಂಕ ಇದ್ದರೆ ಓದುವವರು ತಮಗೆ ಅನುಕೂಲವಾದದ್ದನ್ನು ಹಿಡಿದುಕೊಳ್ಳುತ್ತಾರೆ.

ದೂರಿನ ಪ್ಯಾರಾದ ವಿಷಯವೂ ಅವತ್ತೇ ಇತ್ಯರ್ಥವಾಯಿತು. ಅವಳಿಗೆ ಅದನ್ನು ಬಿಡಲು ಇಷ್ಟವಿರಲಿಲ್ಲ. "ನಾನೂ ಸುಮ್ಮನೆ ಹೋದರೆ ಮುಂದೆ ಬರುವವರಿಗೆ ಇದೇ ಆಗುತ್ತದೆ" ಅಂದಳು. ಅವಳ ಆ ಮಾತಿಗೆ ನನ್ನಲ್ಲಿ ಗೌರವ ಇದೆ. ನಾನು ಹೇಳಿದ್ದು ಇಷ್ಟೇ: ರಾಜೀನಾಮೆ ಪತ್ರದಲ್ಲಿ ಬರೆದ ದೂರು ಫೈಲಿನಲ್ಲಿ ಮಲಗುತ್ತದೆ. ಬಿಟ್ಟು ಹೋಗುವ ಕಾರಣ ಓದಲ್ಲ, ಸಿಟ್ಟು ಎಂದು ಓದಿಸಿಕೊಳ್ಳುತ್ತದೆ. ಅವಳ ಆಸ್ಪತ್ರೆಯಲ್ಲಿ ಹೋಗುವವರಿಗೆ ಎಕ್ಸಿಟ್ ಫಾರ್ಮ್ ಕೊಡುತ್ತಾರೆ. ಅದರಲ್ಲಿ ಸಿಬ್ಬಂದಿ ಸಂಖ್ಯೆಯ ಬಗ್ಗೆ ಬೇರೆಯೇ ಕಾಲಂ ಇದೆ. ಆ ಪ್ಯಾರಾವನ್ನು ಬೇರೆ ಹಾಳೆಗೆ ಇಳಿಸಿಕೊಂಡೆವು. ಮೂರು ಆಫ್ ರದ್ದಾದ ದಿನಾಂಕ, ಡಬಲ್ ಡ್ಯೂಟಿಯ ದಿನಾಂಕ, ಆ ರಾತ್ರಿ ಎಷ್ಟು ಸಿಸ್ಟರ್‌ಗಳು ಇದ್ದರು, ಎಷ್ಟು ವೆಂಟಿಲೇಟರ್. ವಿಶೇಷಣ ಒಂದೂ ಇಲ್ಲ, ಎಲ್ಲವೂ ಎಣಿಕೆ. ಅದು ಏಳು ಸಾಲಿಗೆ ಬಂತು. ಹಾಗೆ ಬರೆದಾಗ ಮೊದಲಿಗಿಂತ ಗಟ್ಟಿಯಾಗಿಯೇ ಕಂಡಿತು.

ಜುಲೈ 13, ಭಾನುವಾರ: ಬೆಚ್ಚಗೆ ಮಾಡಲು ಹೋಗಿ ಕೆಟ್ಟದ್ದು

ಅವಳಿಗೆ ಆಫ್. ಬೆಳಿಗ್ಗೆ ನೀರುದೋಸೆ ತಿಂದು ಕೂತೆವು. ನಿನ್ನೆಯ ದಿನಾಂಕ ಸೇರಿಸಿ, ಈಗ ಪ್ರೀತಿ ಸೇರಿಸೋಣ ಎಂದು ಶುರು ಮಾಡಿದೆವು. ಮೊದಲ ಪ್ರಯತ್ನ:

> ಈ ಆಸ್ಪತ್ರೆ ನನಗೆ ದೇವಾಲಯವಿದ್ದಂತೆ. ಇಲ್ಲಿನ ಅತ್ಯುತ್ತಮ ವಾತಾವರಣ, ಅದ್ಭುತ ಸಹೋದ್ಯೋಗಿಗಳು ಮತ್ತು ತಮ್ಮ ಸಮರ್ಥ ನಾಯಕತ್ವವನ್ನು ನಾನು ಎಂದಿಗೂ ಮರೆಯಲಾರೆ.

ಜೋರಾಗಿ ಓದು ಅಂದೆ. ಓದಿದಳು. ದೇವಾಲಯ ಅನ್ನುವಲ್ಲೇ ನಿಲ್ಲಿಸಿದಳು. ನಿನ್ನೆ ತಾನೇ ರದ್ದಾದ ಆಫ್‌ಗಳ ಪಟ್ಟಿ ಬರೆದವಳು ಇವತ್ತು ದೇವಾಲಯ ಅಂದರೆ ಅವಳಿಗೇ ಸುಳ್ಳು ಅನ್ನಿಸಿತು. ಮೇಟ್ರನ್‌ಗೂ ಹಾಗೇ ಅನ್ನಿಸುತ್ತದೆ. ಇಂಥ ಸಾಲು ಅವರು ನೂರಾರು ಓದಿರುತ್ತಾರೆ. ನಾನೂ ಓದಿದ್ದೇನೆ. ಒಂದೂ ನೆನಪಿಲ್ಲ.

ಎರಡನೇ ಪ್ರಯತ್ನದಲ್ಲಿ ಹೆಸರು ಹಿಡಿದು ಕೃತಜ್ಞತೆ ಹೇಳಿದೆವು. ಮೂವರು ಸಿಸ್ಟರ್‌ಗಳು, ಒಬ್ಬ ಬ್ರದರ್. ಇದು ಓದಲು ಚೆನ್ನಾಗಿತ್ತು. ನಾನು ಸರಿ ಅಂದುಬಿಟ್ಟಿದ್ದೆ. ಚಹಾ ಮಾಡಲು ಎದ್ದಾಗ ಅವಳು, "ಚಿಕ್ಕಮ್ಮ, ಐಸಿಯುನಲ್ಲಿ ನಾವು ಹತ್ತೊಂಬತ್ತು ಜನ" ಅಂದಳು. ನಾಲ್ವರ ಹೆಸರು ಬಂದರೆ ಉಳಿದವರು ಏನು ಅಂದುಕೊಳ್ಳುತ್ತಾರೆ? ವಾರ್ಡಿನಲ್ಲಿ ಪತ್ರ ಗುಟ್ಟಾಗಿ ಉಳಿಯುವುದಿಲ್ಲ. ಹತ್ತೊಂಬತ್ತೂ ಹೆಸರು ಹಾಕಿದರೆ ಅದು ರೋಸ್ಟರ್ ಆಗುತ್ತದೆ. ಹೆಸರುಗಳನ್ನು ತೆಗೆದೆವು. ಆ ನಾಲ್ವರಿಗೆ ಕೊನೆಯ ವಾರ ಕೈಬರಹದಲ್ಲಿ ಬೇರೆ ಬೇರೆ ಚೀಟಿ ಬರೆಯುತ್ತೇನೆ ಅಂದಳು.

ಮತ್ತೆ ಖಾಲಿ ಹಾಳೆ. ಮಧ್ಯಾಹ್ನದವರೆಗೂ ಏನೂ ಆಗಲಿಲ್ಲ. ಊಟ ಮಾಡುವಾಗ ನಾನು ಪತ್ರ ಬಿಟ್ಟು ಬೇರೆ ಕೇಳಿದೆ. "ಅಲ್ಲಿಗೆ ಹೋದ ಮೊದಲ ತಿಂಗಳು ಹೇಗಿತ್ತು?"

ಅವಳು ಹೇಳಿದ್ದು ಇದು. ಎರಡನೇ ವಾರದ ನೈಟ್. ವೆಂಟಿಲೇಟರ್ ಜೋರಾಗಿ ಕೂಗಲು ಶುರು ಮಾಡಿತು. ಪರದೆ ಕೆಂಪಾಗಿ ಮಿನುಗುತ್ತಿತ್ತು, ಪ್ರೆಶರ್ ಜಾಸ್ತಿ ಅಂತ. ಇವಳು ಪರದೆ ನೋಡುತ್ತಾ, ಯಾವ ಬಟನ್ ಒತ್ತಿದರೆ ನಿಲ್ಲುತ್ತದೆ ಎಂದು ಹುಡುಕುತ್ತಾ ನಿಂತಿದ್ದಳು. ಅವತ್ತು ರಾತ್ರಿ ರೌಂಡಿಗೆ ಬಂದಿದ್ದ ಇನ್‌ಚಾರ್ಜ್ ಸಿಸ್ಟರ್ ಪಕ್ಕಕ್ಕೆ ಬಂದರು. ಬೈಯಲಿಲ್ಲ. ಇವಳ ಭುಜ ಹಿಡಿದು ಮಷೀನಿನಿಂದ ರೋಗಿಯ ಕಡೆ ತಿರುಗಿಸಿದರು. ಎದೆ ಏಳುತ್ತಿದೆಯಾ ನೋಡು, ಬಣ್ಣ ನೋಡು, ಟ್ಯೂಬ್ ಕಚ್ಚಿದ್ದಾನಾ ನೋಡು, ಎಲ್ಲಾದರೂ ಮಡಚಿದೆಯಾ ನೋಡು, ಕಫ ಕೇಳಿಸುತ್ತಿದೆಯಾ ಕೇಳು. ಕಫ ಕಟ್ಟಿತ್ತು. ಸಕ್ಷನ್ ಮಾಡಿದ ಮೇಲೆ ಅಲಾರಂ ತಾನಾಗಿ ನಿಂತಿತು. "ಅದು ಯಾವಾಗಲೂ ನಿನ್ನನ್ನು ಕರೆಯುವುದು ರೋಗಿಯನ್ನು ನೋಡು ಅಂತ" ಎಂದು ಹೇಳಿ ಹೋದರಂತೆ.

ನಾನು ಊಟ ಬಿಟ್ಟು ಎದ್ದು ಪೆನ್ಸಿಲ್ ತಂದೆ. ನಮಗೆ ಬೇಕಿದ್ದ ಸಾಲು ಅದೇ. ರೋಗಿಯ ಗುರುತು ಇಲ್ಲ, ಯಾರ ಹೆಸರೂ ಇಲ್ಲ, ಹೊಗಳಿಕೆಯ ಪದವೂ ಇಲ್ಲ. ಆದರೆ ಐಸಿಯುನಲ್ಲಿ ಕೆಲಸ ಮಾಡಿದ ಯಾರು ಓದಿದರೂ ಇದು ನಿಜ ಅಂತ ತಿಳಿಯುತ್ತದೆ. ಅವಳು ಆರಿಸಿಕೊಂಡ ವಿಷಯ ಮೆಡಿಕಲ್ ಸರ್ಜಿಕಲ್ ನರ್ಸಿಂಗ್. ಆ ರಾತ್ರಿಗೂ ಈ ಓದಿಗೂ ನಂಟು ಇದೆ ಅಂತ ಅವಳೇ ಹೇಳಿದಳು. ಹಾಗಾಗಿ ಅದನ್ನೂ ಒಂದು ಸಾಲಿನಲ್ಲಿ ಸೇರಿಸಿದೆವು.

ಜುಲೈ 14, ಸೋಮವಾರ: ಜೋಡಣೆ

ಅವಳಿಗೆ ಮಧ್ಯಾಹ್ನದ ಡ್ಯೂಟಿ. ಬೆಳಿಗ್ಗೆ ಎರಡು ಗಂಟೆ ಸಿಕ್ಕಿತು. ಕ್ರಮ ಹೀಗೆ ಇಟ್ಟೆವು: ಮೊದಲು ಕಾರಣ ಮತ್ತು ದಿನಾಂಕ, ನಂತರ ಕೃತಜ್ಞತೆ, ನಂತರ ಕೆಲಸ ಒಪ್ಪಿಸುವುದು, ಕೊನೆಗೆ ಕೋರಿಕೆ. ಕೃತಜ್ಞತೆಯನ್ನು ಮೊದಲು ಇಟ್ಟು ನೋಡಿದೆವು. ಓದುವವರಿಗೆ ಏನೋ ಕೆಟ್ಟ ಸುದ್ದಿ ಬರುತ್ತಿದೆ ಅನ್ನಿಸುತ್ತದೆ. ಸುದ್ದಿ ಗೊತ್ತಾದ ಮೇಲೆ ಅದೇ ಸಾಲು ಹಗುರವಾಗಿ ಓದಿಸಿಕೊಂಡಿತು.

ಕೆಲಸ ಒಪ್ಪಿಸುವ ಸಾಲಿಗೆ "ನನ್ನ ಜವಾಬ್ದಾರಿಗಳನ್ನು ಸುಗಮವಾಗಿ ಹಸ್ತಾಂತರಿಸಲು ಸಹಕರಿಸುತ್ತೇನೆ" ಎಂದು ಬರೆದಿದ್ದಳು. ಯಾವ ಜವಾಬ್ದಾರಿ ಅಂತ ಕೇಳಿದೆ. ತುರ್ತು ಔಷಧಿ, ಸಲಕರಣೆ ಇಡುವ ಗಾಡಿ, ಅಂದರೆ ಕ್ರ್ಯಾಶ್ ಕಾರ್ಟಿನ ಚೆಕ್‌ಲಿಸ್ಟ್ ಅವಳ ಕೈಯಲ್ಲಿದೆ. ಔಷಧಿಗಳ ಅವಧಿ ನೋಡುವುದು, ಲ್ಯಾರಿಂಗೋಸ್ಕೋಪಿನ ಬಲ್ಬು ಮತ್ತು ಸೆಲ್ಲು ಪರೀಕ್ಷೆ ಮಾಡುವುದು, ಸೀಲ್ ನಂಬರ್ ಬರೆಯುವುದು. ಜೊತೆಗೆ ಇಬ್ಬರು ಹೊಸ ಸಿಸ್ಟರ್‌ಗಳಿಗೆ ಕಲಿಸುತ್ತಿದ್ದಾಳೆ. ಹಾಗಾದರೆ ಅದನ್ನೇ ಬರೆ ಅಂದೆ. ಇನ್‌ಚಾರ್ಜ್ ಅವರಿಗೆ ರಾಜೀನಾಮೆ ಓದಿದ ಕೂಡಲೇ ಬರುವ ಚಿಂತೆ ಆ ಕಾರ್ಟ್ ಇನ್ನು ಯಾರು ನೋಡುತ್ತಾರೆ ಎಂಬುದು. ಅದಕ್ಕೆ ಪತ್ರದಲ್ಲೇ ಉತ್ತರ ಸಿಕ್ಕರೆ ಅದಕ್ಕಿಂತ ಸೌಜನ್ಯ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಕೊನೆಯ ದಿನದವರೆಗೆ ಇಟ್ಟುಕೊಳ್ಳದೆ ಆಗಸ್ಟ್ 8 ಅಂತ ಹಾಕಿದೆವು. ಹೊಸದಾಗಿ ವಹಿಸಿಕೊಂಡವರು ಇವಳು ಇರುವಾಗಲೇ ಕೆಲವು ದಿನ ಮಾಡಿ ನೋಡಬಹುದು.

ಅನುಭವ ಪ್ರಮಾಣಪತ್ರದ ಕೋರಿಕೆ ಇರಲೇಬೇಕಿತ್ತು. ಬಿ.ಎಸ್ಸಿ. ಮುಗಿಸಿದವರು ಎಂ.ಎಸ್ಸಿ. ನರ್ಸಿಂಗಿಗೆ ಸೇರಲು ಕನಿಷ್ಠ ಒಂದು ವರ್ಷದ ಕೆಲಸದ ಅನುಭವ ಬೇಕು ಎಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮ ಇದೆ. ಇವಳಿಗೆ ಮೂರು ವರ್ಷ ಆಗಿದೆ, ಆದರೆ ಕಾಗದ ಇಲ್ಲದಿದ್ದರೆ ಕಾಲೇಜಿನಲ್ಲಿ ಅದಕ್ಕೆ ಬೆಲೆ ಇಲ್ಲ. "ನೀಡಬೇಕಾಗಿ ಕೋರಿಕೆ" ಎಂಬುದನ್ನು ಬದಲಿಸಿ, ಯಾಕೆ ಬೇಕು ಮತ್ತು ಯಾವಾಗ ಬೇಕು ಎಂದು ಬರೆದೆವು.

ಕೊನೆಯ ರೂಪ:

> ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ
> ಮೂಲಕ: ಇನ್‌ಚಾರ್ಜ್ ಸಿಸ್ಟರ್, ಮೆಡಿಕಲ್ ಐಸಿಯು
> 15 ಜುಲೈ 2025
>
> ವಿಷಯ: ಉನ್ನತ ಶಿಕ್ಷಣಕ್ಕಾಗಿ ರಾಜೀನಾಮೆ, ಕೊನೆಯ ಕೆಲಸದ ದಿನ 14 ಆಗಸ್ಟ್ 2025
>
> ಮಾನ್ಯ ಮೇಡಂ,
>
> ಎಂ.ಎಸ್ಸಿ. ಮೆಡಿಕಲ್ ಸರ್ಜಿಕಲ್ ನರ್ಸಿಂಗ್ ಓದಲು ನನಗೆ ಸೀಟು ಸಿಕ್ಕಿದೆ. ಆಗಸ್ಟ್ 25ರಂದು ಕಾಲೇಜಿಗೆ ಹಾಜರಾಗಬೇಕು. ಆದ್ದರಿಂದ ಸ್ಟಾಫ್ ನರ್ಸ್ ಹುದ್ದೆಗೆ ರಾಜೀನಾಮೆ ಕೊಡುತ್ತಿದ್ದೇನೆ. ನೇಮಕಾತಿ ಪತ್ರದ 30 ದಿನಗಳ ನೋಟಿಸಿನಂತೆ 14 ಆಗಸ್ಟ್ 2025 ನನ್ನ ಕೊನೆಯ ಕೆಲಸದ ದಿನ.
>
> ಕಾಲೇಜು ಮುಗಿಸಿ ನಾನು ನೇರವಾಗಿ ಬಂದದ್ದು ಈ ಐಸಿಯುಗೆ. ಅಲಾರಂ ಕೂಗಿದಾಗ ಮೊದಲು ರೋಗಿಯನ್ನು, ಆಮೇಲೆ ಮಷೀನನ್ನು ನೋಡಬೇಕು ಎಂದು ಕಲಿತದ್ದು ಇಲ್ಲಿ, ನಮ್ಮ ಇನ್‌ಚಾರ್ಜ್ ಸಿಸ್ಟರ್ ಪಕ್ಕದಲ್ಲಿ ನಿಂತು. ಇನ್ನೂ ಓದಬೇಕು ಅನ್ನಿಸಿದ್ದೂ ಇಲ್ಲಿಯೇ. ಅದಕ್ಕಾಗಿ ನಿಮಗೂ ಇಡೀ ಘಟಕಕ್ಕೂ ನಾನು ಋಣಿ.
>
> ಕ್ರ್ಯಾಶ್ ಕಾರ್ಟಿನ ಚೆಕ್‌ಲಿಸ್ಟ್ ಮತ್ತು ಇಬ್ಬರು ಹೊಸ ಸಿಸ್ಟರ್‌ಗಳ ತರಬೇತಿ ಪುಸ್ತಕವನ್ನು ಆಗಸ್ಟ್ 8ರೊಳಗೆ ನೀವು ಹೇಳಿದವರಿಗೆ ಒಪ್ಪಿಸುತ್ತೇನೆ. ರಿಲೀವಿಂಗ್ ಪತ್ರ ಮತ್ತು ಅನುಭವ ಪ್ರಮಾಣಪತ್ರವನ್ನು ಕಾಲೇಜಿಗೆ ಕೊಡಬೇಕಾಗಿದೆ. ಕೊನೆಯ ದಿನವೇ ಸಿಕ್ಕರೆ ತುಂಬಾ ಉಪಕಾರವಾಗುತ್ತದೆ.
>
> ವಂದನೆಗಳೊಂದಿಗೆ,
> ಸಹಿ ಮತ್ತು ಹೆಸರು

ಇಂಗ್ಲಿಷಿನಲ್ಲಿ ಇದು ಅರ್ಧ ಪುಟಕ್ಕೆ ಬಂತು. "ಕ್ಷಮಿಸಿ" ಒಂದೂ ಇಲ್ಲ. ಕಾಲೇಜಿನ ಹೆಸರು ಬೇಕಾ ಅಂತ ಕೇಳಿದಳು. ಅದರ ಅಗತ್ಯ ಇಲ್ಲ. ಕೇಳಿದರೆ ಹೇಳಬಹುದು.

ಜುಲೈ 15, ಮಂಗಳವಾರ: ಕೊಟ್ಟದ್ದು

ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಮೂರು ಪ್ರತಿ ಪ್ರಿಂಟ್ ತೆಗೆಸಿದಳು. ಒಂದಕ್ಕೆ 10 ರೂಪಾಯಿಯಂತೆ 30 ರೂಪಾಯಿ. ಪ್ಲಾಸ್ಟಿಕ್ ಫೋಲ್ಡರಿಗೆ 15. ಮಳೆಗಾಲದಲ್ಲಿ ಫೋಲ್ಡರ್ ಇಲ್ಲದೆ ಲೋಕಲ್‌ನಲ್ಲಿ ಕಾಗದ ಒಯ್ಯುವ ಹಾಗಿಲ್ಲ.

ನೇರವಾಗಿ ನರ್ಸಿಂಗ್ ಆಫೀಸಿಗೆ ಹೋಗುವವಳಿದ್ದಳು, ಡ್ಯೂಟಿಗೆ ಮೊದಲು ಮುಗಿಸಿಬಿಡೋಣ ಅಂತ. ಫೋನ್ ಮಾಡಿ ತಡೆದೆ. ಪತ್ರದಲ್ಲಿ "ಮೂಲಕ" ಅಂತ ಬರೆದರೆ ಸಾಲದು. ಇನ್‌ಚಾರ್ಜ್ ಸಿಸ್ಟರ್‌ಗೆ ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ಕಾಗದ ಕೈಗೆ ಕೊಡಬೇಕು. ಬೆಳಗಿನ ಓವರ್ ಮುಗಿದು ರೌಂಡ್ ಶುರುವಾಗುವ ಮೊದಲು ಹತ್ತು ನಿಮಿಷ ಸಿಗುತ್ತದೆ. ಆ ಹೊತ್ತಿನಲ್ಲಿ ಹೇಳಿದಳು. ಅವರು ನಿಂತುಕೊಂಡೇ ಓದಿದರಂತೆ. ಎರಡನೇ ಪ್ಯಾರಾ ಹತ್ತಿರ ಸ್ವಲ್ಪ ನಿಂತು, "ಆ ರಾತ್ರಿ ನಿನಗೆ ಇನ್ನೂ ನೆನಪಿದೆಯಾ" ಅಂತ ಕೇಳಿದರು. ಮಾರ್ನಿಂಗ್ ಡ್ಯೂಟಿಯ ಮಾತು ಇವಳು ಕೇಳುವ ಮೊದಲು ಅವರೇ ಎತ್ತಿದರು. ಕೊನೆಯ ನಾಲ್ಕು ದಿನ ಮಾರ್ನಿಂಗ್ ಹಾಕುತ್ತೇನೆ, ಎಲ್ಲ ಸಹಿ ಮಾಡಿಸಿಕೋ ಅಂದರು.

ತಪ್ಪು ಸಿಕ್ಕಿದ್ದು ಎಚ್‌ಆರ್ ಕೌಂಟರಿನಲ್ಲಿ. ಉದ್ಯೋಗಿ ಸಂಖ್ಯೆ ಎಲ್ಲಿ ಅಂತ ಕೇಳಿದರು. ಅವಳ ಮೊದಲ ಎರಡು ಪುಟದಲ್ಲಿ ಅದು ಇತ್ತು. ಕತ್ತರಿಸುವ ಅವಸರದಲ್ಲಿ ನಾನು ತೆಗೆದುಹಾಕಿದ್ದೆ, ಆಮೇಲೆ ಇಬ್ಬರೂ ಗಮನಿಸಲಿಲ್ಲ. ಒಂದೇ ಹೆಸರಿನವರು ಆ ಆಸ್ಪತ್ರೆಯಲ್ಲಿ ಮೂವರಿದ್ದಾರೆ. ಸಂಖ್ಯೆ ಇಲ್ಲದಿದ್ದರೆ ಪತ್ರ ಯಾರ ಫೈಲಿಗೆ ಹೋಗುತ್ತಿತ್ತೋ. ಮೂರೂ ಪ್ರತಿಯಲ್ಲಿ ಹೆಸರಿನ ಕೆಳಗೆ ಪೆನ್ನಿನಲ್ಲಿ ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿದಳು. ಒಂದು ಪ್ರತಿ ನರ್ಸಿಂಗ್ ಆಫೀಸಿಗೆ, ಒಂದು ಎಚ್‌ಆರ್‌ಗೆ. ಮೂರನೆಯದರ ಮೇಲೆ ಇನ್‌ವರ್ಡ್ ಮುದ್ರೆ, ದಿನಾಂಕ ಮತ್ತು ಪಡೆದವರ ಸಹಿ ಹಾಕಿಸಿಕೊಂಡು ಮನೆಗೆ ತಂದಳು. ಮುದ್ರೆಯ ದಿನಾಂಕ 15 ಅಂತ ಸರಿಯಾಗಿ ಬಿದ್ದಿದೆಯಾ ಅಂತ ಅಲ್ಲೇ ನೋಡಲು ಹೇಳಿದ್ದೆ. ನೋಟಿಸಿನ ಲೆಕ್ಕವೆಲ್ಲ ಆ ಮುದ್ರೆಯ ಮೇಲೆ ನಿಂತಿದೆ.

ಆಗಸ್ಟ್ 14, ಗುರುವಾರ

ಕಾರ್ಟಿನ ಚೆಕ್‌ಲಿಸ್ಟ್ 7ಕ್ಕೇ ಒಪ್ಪಿಸಿಯಾಗಿತ್ತು. ಎಕ್ಸಿಟ್ ಫಾರ್ಮಿನಲ್ಲಿ ಆ ಏಳು ಸಾಲು ಹಾಗೆಯೇ ಇಳಿಸಿದಳು. ಓದಿದವರು ಏನೂ ಹೇಳಲಿಲ್ಲ, ಆದರೆ ಫಾರ್ಮ್ ತೆಗೆದುಕೊಂಡು ಸಹಿ ಹಾಕಿದರು. ಮಾರ್ನಿಂಗ್ ಡ್ಯೂಟಿ ಮುಗಿಸಿ ಐಡಿ ಕಾರ್ಡ್, ಲಾಕರ್ ಕೀ ಕೊಟ್ಟಳು. ನಾಲ್ಕು ಚೀಟಿಗಳನ್ನೂ ಕೊಟ್ಟಳು.

ಮಧ್ಯಾಹ್ನ ಮೂರಕ್ಕೆ ಎರಡೂ ಕಾಗದ ಕೈಗೆ ಬಂದವು. ಅಲ್ಲೇ ಕೂತು ಓದಿ, ಫೋಟೋ ತೆಗೆದು ಕಳಿಸಲು ಹೇಳಿದ್ದೆ. ಎರಡರಲ್ಲೂ ಬಿಡುಗಡೆಯ ದಿನಾಂಕ 14 ಆಗಸ್ಟ್ 2025. ಅನುಭವ ಪ್ರಮಾಣಪತ್ರದಲ್ಲಿ "ಸ್ಟಾಫ್ ನರ್ಸ್" ಅಂತ ಮಾತ್ರ ಇತ್ತು, ಮೆಡಿಕಲ್ ಐಸಿಯು ಎಂಬುದು ಬಿಟ್ಟುಹೋಗಿತ್ತು. ವಾಪಸ್ ಹೋಗಿ ಕೇಳಿದಳು. ಮೇಟ್ರನ್ ಆಫೀಸಿನ ಗುಮಾಸ್ತರು ಅವಳ ರಾಜೀನಾಮೆ ಪತ್ರವನ್ನು ಫೈಲಿನಿಂದ ತೆಗೆದು, ಅದರಲ್ಲಿ ಘಟಕದ ಹೆಸರು ನೋಡಿ, ಇಪ್ಪತ್ತು ನಿಮಿಷದಲ್ಲಿ ಬೇರೆ ಪ್ರಿಂಟ್ ತೆಗೆದುಕೊಟ್ಟರು. ಕುರ್ಲಾದಿಂದ ಮಂಗಳೂರಿಗೆ ಹೋಗುವ ಮತ್ಸ್ಯಗಂಧ ರೈಲಿಗೆ ಆಗಸ್ಟ್ 20ರ ಟಿಕೆಟ್ ಆಗಿದೆ.